ಡಿಶ್‌ವಾಶರ್ ತುಂಬ ನೊರೆ: ಸೋಪು ಎಲ್ಲಿ ಕೂತಿದೆ ಎಂದು ಪತ್ತೆ ಹಚ್ಚಿ ತೆಗೆಯುವ ಬಗೆ

ಡಿಶ್‌ವಾಶರ್ ಬಾಗಿಲಿನ ಕೆಳಗಿನ ಅಂಚಿನಿಂದ ಬಿಳಿ ನೊರೆ ಇಣುಕಿ, ಅಡುಗೆಮನೆ ನೆಲದ ಮೇಲೆ ಮೆಲ್ಲಗೆ ಹರಡಲು ಶುರುವಾದರೆ ಯಂತ್ರ ಒಡೆದುಹೋಯಿತು ಎಂದು ಗಾಬರಿಯಾಗುವವರೇ ಹೆಚ್ಚು. ನಾನು ಸರ್ವಿಸ್ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಇಂಥ ಕರೆ ಬಂದಾಗ ಮೊದಲು ನೋಡುವುದು ಯಂತ್ರವನ್ನಲ್ಲ, ಸಿಂಕ್ ಪಕ್ಕದ ಜೆಲ್ ಬಾಟಲಿಯನ್ನು. ಕೈಯಲ್ಲಿ ಪಾತ್ರೆ ಉಜ್ಜುವ ಜೆಲ್ ಹೇಗೋ ಒಳಗೆ ಸೇರಿರುತ್ತದೆ. ಸೇರಿದ್ದು ಯಾವ ದಾರಿಯಿಂದ, ಈಗ ಎಲ್ಲಿ ಕೂತಿದೆ ಎಂಬುದನ್ನು ಪತ್ತೆ ಮಾಡಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಅದನ್ನು ತಿಳಿಯದೆ ಬರೀ ನೊರೆ ಬಾಚುತ್ತಾ ಹೋದರೆ ಮಾರನೇ ದಿನ ಅದೇ ನೊರೆ ಮತ್ತೆ ಬರುತ್ತದೆ.

ಇಷ್ಟೇ ಇಷ್ಟು ಜೆಲ್‌ಗೆ ಅಷ್ಟೊಂದು ನೊರೆ ಏಕೆ

ಡಿಶ್‌ವಾಶರ್ ಪಾತ್ರೆಗಳನ್ನು ನೀರಿನಲ್ಲಿ ಮುಳುಗಿಸಿ ತೊಳೆಯುವುದಿಲ್ಲ. ಒಂದು ಸಲಕ್ಕೆ ಮೂರು, ನಾಲ್ಕು ಲೀಟರ್ ನೀರನ್ನಷ್ಟೇ ತಳದ ಗುಂಡಿಗೆ ತುಂಬಿಸಿಕೊಂಡು, ಪಂಪಿನಿಂದ ಅದೇ ನೀರನ್ನು ಮೇಲಕ್ಕೆತ್ತಿ ತಿರುಗುವ ತೋಳುಗಳ ರಂಧ್ರಗಳಿಂದ ಚಿಮ್ಮಿಸುತ್ತದೆ. ಚಿಮ್ಮಿದ ನೀರು ಪಾತ್ರೆಗೆ ಬಡಿದು ಕೆಳಗೆ ಬೀಳುತ್ತದೆ, ಮತ್ತೆ ಮೇಲೇರುತ್ತದೆ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತರದಿಂದ ಎರಡು ಸಲ ಸುರಿದರೇ ನೊರೆ ಏಳುತ್ತದಲ್ಲ, ಈ ಯಂತ್ರ ಅದನ್ನೇ ಬಿಡದೆ ಗಂಟೆಗಟ್ಟಲೆ ಮಾಡುತ್ತದೆ.

ಡಿಶ್‌ವಾಶರ್‌ಗೆಂದೇ ಮಾಡಿದ ಪೌಡರ್ ಅಥವಾ ಟ್ಯಾಬ್ಲೆಟ್‌ನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಕ್ಷಾರ, ಎಂಜೈಮು ಮತ್ತು ಬಿಳುಪು ಕೊಡುವ ಪದಾರ್ಥ. ಅದರಲ್ಲಿರುವ ಚೂರುಪಾರು ಸೋಪಿನ ಅಂಶವನ್ನೂ ನೊರೆ ಬಾರದ ಜಾತಿಯದನ್ನೇ ಆರಿಸಿ ಹಾಕಿರುತ್ತಾರೆ. ಕೈ ಜೆಲ್ ಇದಕ್ಕೆ ತದ್ವಿರುದ್ಧ. ನೊರೆ ಬಂದರೇನೇ ಪಾತ್ರೆ ಸ್ವಚ್ಛವಾಯಿತು ಎಂದು ನಮ್ಮ ಕೈಗೆ ಅಭ್ಯಾಸವಾಗಿರುವುದರಿಂದ, ಬೇಗ ಏಳುವ, ತುಂಬ ಹೊತ್ತು ನಿಲ್ಲುವ ನೊರೆಗಾಗಿಯೇ ಅದನ್ನು ತಯಾರಿಸುತ್ತಾರೆ. ಒಂದು ಟೀ ಚಮಚದಷ್ಟು ಸಾಕು, ಯಂತ್ರದ ಒಳಗೆಲ್ಲ ನೊರೆ ತುಂಬುತ್ತದೆ.

ಬೋರ್‌ವೆಲ್ ನೀರಿನ ಮನೆಯವರು “ನಮ್ಮ ಗಡಸು ನೀರಿಗೆ ಸೋಪೇ ನೊರೆ ಬರಲ್ಲ, ಇಲ್ಲಿ ಹೇಗೆ ಬಂತು?” ಎಂದು ಕೇಳುವುದುಂಟು. ಎರಡು ಕಾರಣ. ಗಡಸು ನೀರಿಗೆ ಸೋಲುವುದು ಹಳೆಯ ಬಗೆಯ ಬಾರ್ ಸೋಪು. ಇಂದಿನ ಜೆಲ್‌ಗಳು ಗಡಸು ನೀರಿನಲ್ಲೂ ಸಾಕಷ್ಟು ನೊರೆ ಕೊಡುತ್ತವೆ. ಇನ್ನೊಂದು, ಸಾಲ್ಟ್ ಹಾಕುವ ಯಂತ್ರಗಳ ಒಳಗೆ ನೀರನ್ನು ಮೆದುಗೊಳಿಸುವ ಭಾಗ ಇರುತ್ತದೆ. ನಲ್ಲಿಯಲ್ಲಿ ನೀರು ಎಷ್ಟೇ ಗಡಸಾಗಿದ್ದರೂ ಪಾತ್ರೆಗೆ ಬೀಳುವಾಗ ಅದು ಮೆದು ನೀರೇ.

ನೊರೆ ನೋಡಲು ಹಗುರ, ಆದರೆ ಯಂತ್ರಕ್ಕೆ ಅದೊಂದು ದೊಡ್ಡ ತಲೆನೋವು. ಪಂಪುಗಳಿಗೆ ನೀರನ್ನು ತಳ್ಳಲು ಬರುತ್ತದೆ, ಗಾಳಿಯನ್ನು ತಳ್ಳಲು ಬರುವುದಿಲ್ಲ. ನೊರೆ ಎಂದರೆ ಬಹುಪಾಲು ಗಾಳಿಯೇ. ಹಾಗಾಗಿ ತೋಳುಗಳಿಗೆ ಒತ್ತಡ ಸಿಗದೆ ಅವು ತಿರುಗುವುದು ನಿಲ್ಲುತ್ತದೆ. ಪಾತ್ರೆ ಹಾಕಿದ ಹಾಗೇ ಹೊರಬರುತ್ತದೆ. ನೀರು ಹೊರಹಾಕುವ ಡ್ರೈನ್ ಪಂಪ್ ಗುಂಯ್‌ಗುಟ್ಟುತ್ತದೆ, ಆದರೆ ಪೈಪಿನಲ್ಲಿ ಏನೂ ಹೋಗುವುದಿಲ್ಲ. ಇನ್ನು ಬಾಗಿಲಿನ ಕೆಳ ಅಂಚಿನ ರಬ್ಬರು ಚಿಮ್ಮುವ ನೀರನ್ನು ತಡೆಯುತ್ತದೆ, ಒಳಗಿನಿಂದ ಒತ್ತಿಕೊಂಡು ಬರುವ ನೊರೆಯನ್ನು ತಡೆಯಲಾರದು. ಹೊರಬಂದ ನೊರೆಯಲ್ಲಿ ಒಂದಷ್ಟು ನೆಲಕ್ಕೆ, ಒಂದಷ್ಟು ಯಂತ್ರದ ಅಡಿಯ ತಟ್ಟೆಗೆ ಇಳಿಯುತ್ತದೆ. ಆ ತಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಲ್ಲಿಸಿ, ಖಾಲಿ ಮಾಡಿ

ನೊರೆ ಕಂಡ ತಕ್ಷಣ ಪ್ರೋಗ್ರಾಂ ರದ್ದು ಮಾಡಿ. ಹಲವು ಯಂತ್ರಗಳಲ್ಲಿ ಸ್ಟಾರ್ಟ್ ಅಥವಾ ರೀಸೆಟ್ ಗುಂಡಿಯನ್ನು ಸುಮಾರು ಮೂರು ಸೆಕೆಂಡ್ ಒತ್ತಿ ಹಿಡಿದರೆ ರದ್ದಾಗಿ, ನೀರು ಹೊರಹಾಕುವ ಕೆಲಸ ಶುರುವಾಗುತ್ತದೆ. ನಿಮ್ಮ ಯಂತ್ರದ ಕ್ರಮ ಅದರ ಪುಸ್ತಕದಲ್ಲಿ ಇರುತ್ತದೆ. “ಹೇಗೂ ತೊಳೀತಾ ಇದೆ, ಪೂರ್ತಿ ಮುಗಿದ ಮೇಲೆ ನೋಡೋಣ” ಎಂದು ಬಿಡಬೇಡಿ. ನೀರು ಬಿಸಿಯಾದಷ್ಟೂ ಜೆಲ್ ನೊರೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಬಿಸಿ ಪ್ರೋಗ್ರಾಂ ಹಾಕಿ ತೊಳೆದುಬಿಡುತ್ತೇನೆ ಎಂಬುದು ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚಿನದು.

ಬಾಗಿಲನ್ನು ಒಮ್ಮೆಗೇ ತೆರೆಯಬೇಡಿ. ಮೊದಲು ಎರಡು ಬೆರಳಿನಷ್ಟು ತೆರೆದು ಹಬೆ ಹೋಗಲು ಬಿಡಿ, ಕೆಳಗೆ ಒಂದು ಹಳೆ ಟವೆಲ್ ಹಾಸಿ, ಆಮೇಲೆ ಪೂರ್ತಿ ಇಳಿಸಿ. ಪಾತ್ರೆಗಳನ್ನೆಲ್ಲ ಹೊರಗೆ ತೆಗೆದು ಸಿಂಕಿನಲ್ಲಿ ನಲ್ಲಿ ನೀರಿಗೆ ಹಿಡಿಯಿರಿ. ಅವುಗಳಿಗೆ ಅಂಟಿದ ಜೆಲ್ ಹೋಗುವ ತನಕ ಒಳಗೆ ವಾಪಸ್ ಇಡುವುದು ಬೇಡ. ಕೆಳಗಿನ ಟ್ರೇಯನ್ನೂ ಎಳೆದು ತೆಗೆಯಿರಿ.

ಈಗ ನೊರೆಯನ್ನು ಕೈಗೆ ಸಿಕ್ಕಷ್ಟು ಮಗ್ಗಿನಿಂದ ಬಾಚಿ ಬಕೆಟ್ಟಿಗೆ ಹಾಕಿ. ಇದು ಒರಟು ಕೆಲಸ ಅನ್ನಿಸಬಹುದು, ಆದರೆ ಬಾಚಿ ತೆಗೆದ ಒಂದೊಂದು ಮಗ್ ನೊರೆಯ ಜತೆ ಒಂದಷ್ಟು ಜೆಲ್ಲೂ ಹೊರಟುಹೋಗುತ್ತದೆ. ಪುಡಿ ಹಾಕುವ ಡಬ್ಬಿಯಲ್ಲಿ ಜೆಲ್ ಇನ್ನೂ ಉಳಿದಿದ್ದರೆ ಅದನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಅದು ಕೆಳಗಿಳಿದು ಮತ್ತೆ ಅದೇ ಕಥೆ. ಹಾಗೆಯೇ ಇಲ್ಲಿ ಬಳಸುವ ಸ್ಪಂಜು ಸಿಂಕಿನದಾಗಿರಬಾರದು. ಸಿಂಕಿನ ಸ್ಪಂಜಿನಲ್ಲಿ ಸದಾ ಜೆಲ್ ಇದ್ದೇ ಇರುತ್ತದೆ.

ನೊರೆ ಇಳಿಸುವುದು

ಉಳಿದ ನೊರೆಗೆ ಮೊದಲ ಮದ್ದು ತಣ್ಣೀರು. ಎರಡರಿಂದ ಮೂರು ಲೀಟರ್ ತಣ್ಣನೆಯ ನೀರನ್ನು ಗೋಡೆಗಳ ಮೇಲೆ ನಿಧಾನವಾಗಿ, ಎತ್ತರದಿಂದ ಅಲ್ಲ, ಇಳಿಬಿಡಿ. ಬಾಗಿಲು ಮುಚ್ಚಿ, ಯಾವುದಾದರೂ ಪ್ರೋಗ್ರಾಂ ಶುರು ಮಾಡಿ ತಕ್ಷಣ ರದ್ದು ಮಾಡಿ. ಡ್ರೈನ್ ಪಂಪ್ ಒಂದು ನಿಮಿಷದಷ್ಟು ಓಡುತ್ತದೆ. ಮೊದಲು ಗುಂಯ್‌ಗುಟ್ಟಿ ಸುಮ್ಮನಾಗುತ್ತಿದ್ದ ಪಂಪ್ ಈಗ ನೀರು ಎಳೆಯುತ್ತದೆ, ಏಕೆಂದರೆ ಅದರ ಬಾಯಿಗೆ ಗಾಳಿಯ ಬದಲು ನೀರು ಬಂತು. ನೀರು ಹೋಗುವ ಕಡೆ ಕಿವಿಗೊಟ್ಟರೆ ಬುಳುಬುಳು ಸದ್ದು ಕೇಳಿಸುತ್ತದೆ. ಇದನ್ನು ಎರಡು ಮೂರು ಸಲ ಮಾಡಬೇಕಾಗುತ್ತದೆ. ನಿಜ ಹೇಳಬೇಕೆಂದರೆ, ತಾಳ್ಮೆಯಿದ್ದರೆ ತಣ್ಣೀರೊಂದೇ ಸಾಕು.

ಆತುರವಿದ್ದರೆ ಅಡುಗೆ ಎಣ್ಣೆ. ಒಂದು ದೊಡ್ಡ ಚಮಚ ಸಾಕು. ಗುಂಡಿಯಲ್ಲಿ ನೀರು ಇರುವಾಗಲೇ ಹಾಕಿ, ಬಾಗಿಲು ಮುಚ್ಚಿ, ಬಿಸಿ ಇಲ್ಲದ ಜಾಲಾಡುವ ಪ್ರೋಗ್ರಾಂ ಅನ್ನು ಎರಡು ನಿಮಿಷ ಓಡಿಸಿ ರದ್ದು ಮಾಡಿ. ಎಣ್ಣೆಯ ಹನಿಗಳು ಗುಳ್ಳೆಗಳ ತೆಳು ಗೋಡೆಯೊಳಗೆ ನುಗ್ಗಿ ಅವನ್ನು ಒಡೆಯುತ್ತವೆ. ಜೆಲ್ಲಿಗೂ ಆ ಎಣ್ಣೆಯ ಕಡೆಗೇ ಗಮನ. ಆಮೇಲೆ ಒಳಗೆ ಉಳಿಯುವ ಜಿಡ್ಡನ್ನು ಡಿಶ್‌ವಾಶರ್ ಪೌಡರ್ ಹಾಕಿದ ಒಂದು ಖಾಲಿ ತೊಳೆತ ತೆಗೆಯುತ್ತದೆ. ಆದರೆ ಆ ತೊಳೆತ ನೊರೆಯೆಲ್ಲ ಹೋದಮೇಲೆ, ಮುಂಚೆ ಅಲ್ಲ.

ಉಪ್ಪು ಮತ್ತು ವಿನೆಗರ್ ಬಗ್ಗೆ ತುಂಬ ಜನ ಕೇಳುತ್ತಾರೆ. ಒಂದು ಹಿಡಿ ಉಪ್ಪು ಎರಚಿದರೆ ನೊರೆ ಸ್ವಲ್ಪ ಕುಸಿಯುತ್ತದೆ ನಿಜ. ಆದರೆ ಸ್ಟೀಲ್ ಗೋಡೆಯ ಮೇಲೆ ಉಪ್ಪು ನೀರು ಹಾಗೇ ನಿಂತರೆ ಚುಕ್ಕಿ ಚುಕ್ಕಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಹಾಕಿದವರು ಕೂಡಲೇ ಚೆನ್ನಾಗಿ ಜಾಲಾಡಬೇಕು. ವಿನೆಗರ್ ಬಾರ್ ಸೋಪಿನ ನೊರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಜೆಲ್ ನೊರೆಗೆ ಅಷ್ಟಾಗಿ ಅಲ್ಲ. ಅರ್ಧ ಲೋಟ ಒಮ್ಮೆ ಹಾಕಿದರೆ ಏನೂ ಆಗುವುದಿಲ್ಲ, ವಾರವಾರ ಹಾಕುತ್ತಿದ್ದರೆ ರಬ್ಬರುಗಳಿಗೆ ಒಳ್ಳೆಯದಲ್ಲ. ಬಟ್ಟೆಗೆ ಹಾಕುವ ಕಂಫರ್ಟ್ ಥರದ ದ್ರವವೂ ನೊರೆ ಇಳಿಸುತ್ತದೆ, ಆದರೆ ನಾಳೆ ಸಾರಿನ ಬಟ್ಟಲಿನಲ್ಲಿ ಅದರ ವಾಸನೆ ಬರುತ್ತದೆ. ನಾನು ಬಳಸುವುದಿಲ್ಲ.

ಬಾಟಲಿ ಪರೀಕ್ಷೆ

ಜೆಲ್ ಪೂರ್ತಿ ಹೋಯಿತೇ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಇದಕ್ಕೆ ಖಾಲಿ ನೀರಿನ ಬಾಟಲಿಯೊಂದು ಸಾಕು. ಪಾತ್ರೆ ಇಲ್ಲದೆ, ಪುಡಿ ಇಲ್ಲದೆ, ಬಿಸಿ ಇಲ್ಲದ ಜಾಲಾಡುವ ಪ್ರೋಗ್ರಾಂ ಹಾಕಿ. ಐದು ನಿಮಿಷ ಬಿಟ್ಟು ಬಾಗಿಲು ತೆರೆದು, ಫಿಲ್ಟರ್ ಗುಂಡಿಯಿಂದ ಒಂದು ಲೋಟ ನೀರು ತೆಗೆದು ಬಾಟಲಿಗೆ ಅರ್ಧ ಹಾಕಿ. ಮುಚ್ಚಳ ಬಿಗಿದು ಹತ್ತು ಸಲ ಜೋರಾಗಿ ಕುಲುಕಿ, ಮೇಜಿನ ಮೇಲಿಡಿ. ಇನ್ನೊಂದು ಬಾಟಲಿಯಲ್ಲಿ ಬರೀ ನಲ್ಲಿ ನೀರು ಕುಲುಕಿ ಪಕ್ಕದಲ್ಲಿಡಿ. ಈ ಬಾಟಲಿಗಳನ್ನು ಮುಂಚೆ ಜೆಲ್ ಹಾಕಿ ತೊಳೆದಿರಬಾರದು, ತೊಳೆದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ.

ನಲ್ಲಿ ನೀರಿನ ಗುಳ್ಳೆ ಕೆಲವೇ ಸೆಕೆಂಡುಗಳಲ್ಲಿ ಒಡೆದುಹೋಗುತ್ತದೆ. ಯಂತ್ರದ ನೀರೂ ಹಾಗೇ ಮಾಡಿದರೆ ಜೆಲ್ ಹೋಗಿದೆ. ಒಂದು ನಿಮಿಷದ ಮೇಲೂ ನೊರೆಯ ಪದರ ಹಾಗೇ ಕೂತಿದ್ದರೆ ಇನ್ನೂ ಇದೆ, ತಣ್ಣೀರಿನ ಸುತ್ತು ಮತ್ತೊಮ್ಮೆ ಮಾಡಿ. ಬಾಟಲಿಯ ಅಂಚಿಗೆ ಮಾತ್ರ ಗುಳ್ಳೆಗಳ ತೆಳು ಬಳೆ ನಿಂತಿದ್ದರೆ ಅಷ್ಟರಿಂದ ತೊಂದರೆಯಿಲ್ಲ, ಒಂದೆರಡು ತೊಳೆತದಲ್ಲಿ ಅದು ತಾನಾಗಿ ಹೋಗುತ್ತದೆ.

ಫಿಲ್ಟರನ್ನು ಇದೇ ಹೊತ್ತಿಗೆ ತಿರುಗಿಸಿ ತೆಗೆದು ನಲ್ಲಿಯ ಕೆಳಗೆ ಹಿಡಿಯಿರಿ. ಬರೀ ನೀರು, ಬೇಕಿದ್ದರೆ ಹಳೆಯ ಹಲ್ಲುಜ್ಜುವ ಬ್ರಶ್. ಜಿಡ್ಡಾಗಿದೆ ಎಂದು ಫಿಲ್ಟರ್‌ಗೆ ಜೆಲ್ ಹಾಕಿ ಉಜ್ಜಿ, ಸರಿಯಾಗಿ ತೊಳೆಯದೆ ಹಾಕಿದ್ದರಿಂದಲೇ ನೊರೆ ಬಂದ ಮನೆಗಳನ್ನು ನೋಡಿದ್ದೇನೆ. ಆ ಸಣ್ಣ ಜಾಲರಿಯ ಮಡಿಕೆಗಳಲ್ಲಿ ಜೆಲ್ ಚೆನ್ನಾಗಿ ಅವಿತುಕೊಳ್ಳುತ್ತದೆ.

ನೊರೆ ಯಾವಾಗ ಬರುತ್ತದೆ ಎಂಬುದೇ ಸುಳಿವು

ಒಮ್ಮೆ ಖಾಲಿ ಮಾಡಿದ ಮೇಲೂ ನೊರೆ ಮರಳಿ ಬಂದರೆ, ಪ್ರೋಗ್ರಾಮಿನ ಯಾವ ಹಂತದಲ್ಲಿ ಬರುತ್ತದೆ ಎಂದು ನೋಡಿ. ಡಿಶ್‌ವಾಶರ್ ಮೊದಲು ಬರೀ ನೀರಿನಲ್ಲಿ ಒಂದು ಸುತ್ತು ಜಾಲಾಡುತ್ತದೆ. ಆಮೇಲೆ ಬಾಗಿಲಿನ ಡಬ್ಬಿ ಟಕ್ ಎಂದು ತೆರೆದು ಪುಡಿ ಬಿದ್ದು ಮುಖ್ಯ ತೊಳೆತ ನಡೆಯುತ್ತದೆ. ಬಳಿಕ ಮತ್ತೆ ಜಾಲಾಟ. ಕೊನೆಯ ಬಿಸಿ ಜಾಲಾಟದಲ್ಲಿ ಮಾತ್ರ ಬಾಗಿಲಲ್ಲೇ ಇರುವ ಪುಟ್ಟ ತೊಟ್ಟಿಯಿಂದ ರಿನ್ಸ್ ಏಡ್ ಬೀಳುತ್ತದೆ. ನೀರು ಹನಿಹನಿಯಾಗಿ ನಿಲ್ಲದೆ ಜಾರಿ, ಪಾತ್ರೆ ಕಲೆಯಿಲ್ಲದೆ ಒಣಗಲಿ ಎಂದು ಹಾಕುವ ದ್ರವ ಅದು. ಪ್ರತಿಯೊಂದು ಹಂತಕ್ಕೂ ಅದರದೇ ಬಾಗಿಲು ತೆರೆಯುವುದರಿಂದ ನೊರೆಯ ಹೊತ್ತು ನೋಡಿ ಸೋಪಿನ ಜಾಗ ಹೇಳಬಹುದು.

ಶುರುವಿನಲ್ಲೇ, ಡಬ್ಬಿ ತೆರೆಯುವ ಮುಂಚೆಯೇ ನೊರೆ ಬಂದರೆ ಜೆಲ್ ಪಾತ್ರೆಗಳ ಮೇಲೆ ಇದೆ ಅಥವಾ ಯಂತ್ರದ ತಳದಲ್ಲಿ ಇದೆ. ಸೀದ ತಳದ ಪಾತ್ರೆಯನ್ನು ಜೆಲ್ಲಿನಲ್ಲಿ ನೆನೆಸಿಟ್ಟು, ಸುಮ್ಮನೆ ನೀರು ಚೆಲ್ಲಿ ಒಳಗಿಟ್ಟರೆ ಹೀಗಾಗುತ್ತದೆ. ಕುಕ್ಕರ್ ಹಿಡಿಯ ಸಂದು, ತಳ ಮಡಿಸಿದ ಸ್ಟೀಲ್ ಡಬ್ಬಿಯ ಅಂಚು, ಇಡ್ಲಿ ತಟ್ಟೆಯ ತೂತುಗಳು ಜೆಲ್ ಕಚ್ಚಿಕೊಳ್ಳುವ ಜಾಗಗಳು. ಇನ್ನೊಂದು ಸಾಧ್ಯತೆ ಸಿಂಕಿನದು. ಯಂತ್ರದ ಡ್ರೈನ್ ಪೈಪನ್ನು ಸಿಂಕಿನ ಕೆಳಗಿನ ಪೈಪಿಗೆ ಸೇರಿಸಿದ್ದು, ಆ ಪೈಪು ಕಟ್ಟಿಕೊಂಡಿದ್ದರೆ, ಸಿಂಕಿನ ಸೋಪು ನೀರು ಹಿಂದಕ್ಕೆ ಯಂತ್ರದೊಳಗೇ ಬರಬಹುದು. ಯಂತ್ರ ಆರಿಸಿರುವಾಗ ಸಿಂಕಿನಲ್ಲಿ ಒಂದು ಬಕೆಟ್ ನೀರು ಬಿಟ್ಟು, ಫಿಲ್ಟರ್ ಗುಂಡಿಯಲ್ಲಿ ನೀರಿನ ಮಟ್ಟ ಏರುತ್ತದೆಯೇ ನೋಡಿದರೆ ಇದು ಗೊತ್ತಾಗುತ್ತದೆ. ಏರಿದರೆ ಪೈಪು ಬಿಡಿಸಿ ಕಟ್ಟಿಕೊಂಡದ್ದನ್ನು ತೆಗೆಸಿ, ಯಂತ್ರದ ಪೈಪನ್ನು ಸಿಂಕಿನ ತಳಕ್ಕಿಂತ ಎತ್ತರಕ್ಕೆ ಬಾಗಿಸಿ ಕಟ್ಟಿ ಆಮೇಲೆ ಕೆಳಗಿಳಿಸಬೇಕು.

ಟಕ್ ಸದ್ದಿನ ಬಳಿಕ ಬಂದರೆ ಪುಡಿಯ ಜಾಗದಲ್ಲಿ ಹಾಕಿದ್ದೇ ತಪ್ಪು ವಸ್ತು. ಜೆಲ್ ಇರಬಹುದು, ವಾಷಿಂಗ್ ಮೆಷಿನ್ನಿನ ಬಟ್ಟೆ ಪುಡಿಯೂ ಇರಬಹುದು. ಸರಿಯಾದ ಪೌಡರ್ ಹಾಕಿಯೂ ಈ ಹಂತದಲ್ಲಿ ಕಂದು ಬಣ್ಣದ ನೊರೆ ಬಂದರೆ ಅದು ಸೋಪಿನದಲ್ಲ, ಅಡುಗೆಯದು. ಬೇಳೆ ಕಟ್ಟು, ಹಾಲು, ಮೊಟ್ಟೆ ಇವುಗಳ ಪ್ರೋಟೀನ್ ತಾನೇ ನೊರೆ ಕಟ್ಟುತ್ತದೆ. ಪಾತ್ರೆಯಲ್ಲಿ ಉಳಿದದ್ದನ್ನು ಬಳಿದು ಹಾಕಿ, ಪುಡಿಯನ್ನು ಅಳತೆಯಷ್ಟು ಹಾಕಿದರೆ ಅದು ನಿಲ್ಲುತ್ತದೆ.

ಎಲ್ಲ ಸರಿಯಾಗಿದ್ದು ಕೊನೆಯ ಜಾಲಾಟದಲ್ಲಿ ಮಾತ್ರ ನೊರೆ ಬಂದರೆ ರಿನ್ಸ್ ಏಡ್ ತೊಟ್ಟಿಯನ್ನು ಅನುಮಾನಿಸಿ. ಜನರನ್ನು ಹೆಚ್ಚು ದಿನ ಸತಾಯಿಸುವುದು ಇದೇ.

ಮೈಸೂರಿನ ಒಂದು ಮನೆ

ಮೈಸೂರಿನ ವಿಜಯನಗರದ ಒಂದು ಮನೆಯಲ್ಲಿ ಪೌಡರ್ ಮುಗಿದ ದಿನ ಪುಡಿಯ ಡಬ್ಬಿಗೆ ಎರಡು ಚಮಚ ಪಾತ್ರೆ ಜೆಲ್ ಹಾಕಿದ್ದರು. ಅರ್ಧ ಗಂಟೆಯೊಳಗೆ ನೆಲದ ಮೇಲೆಲ್ಲ ನೊರೆ. ಮನೆಯ ಸೊಸೆ ಚುರುಕಿನವರು. ಯಂತ್ರ ನಿಲ್ಲಿಸಿ, ಬಾಚಿ, ನೀರು ಹೊಯ್ದು, ಬಿಸಿ ಇಲ್ಲದ ಜಾಲಾಡುವ ಪ್ರೋಗ್ರಾಂ ಅನ್ನು ಎರಡು ಸಲ ಓಡಿಸಿದ್ದರು. ನೀರು ತಿಳಿಯಾಗಿ ಬಂತು. ಹೊಸ ಪೌಡರ್ ತಂದು ಮಾರನೇ ದಿನ ಪಾತ್ರೆ ಹಾಕಿದರೆ ಮತ್ತೆ ನೊರೆ. ಮತ್ತೆ ಜಾಲಾಡಿಸಿದರು, ಮತ್ತೆ ತಿಳಿ ನೀರು. ಅದರ ಮಾರನೇ ದಿನ ಮತ್ತೆ ನೊರೆ. ಪೌಡರೇ ನಕಲಿ ಎಂದು ತೀರ್ಮಾನಿಸಿ ಅಂಗಡಿಗೆ ವಾಪಸ್ ಕೊಡಲು ಕವರಿಗೆ ಹಾಕಿಟ್ಟಿದ್ದರು.

ನಾನು ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ನೊರೆ ಶುರುವಿನಲ್ಲಿ ಬರುತ್ತಾ, ಕೊನೆಯಲ್ಲಿ ಬರುತ್ತಾ?”

“ಅದು ನೋಡಿಲ್ಲ. ಮುಗಿಯೋ ಹೊತ್ತಿಗೆ ಬಂದು ನೋಡಿದ್ರೆ ಕೆಳಗೆ ಬಂದಿರುತ್ತೆ.”

ಇರುವುದರಲ್ಲಿ ಚಿಕ್ಕ ತೊಳೆತ ಹಾಕಿ ಕಾದೆವು. ಟಕ್ ಸದ್ದು ಬಂದು ಹತ್ತು ನಿಮಿಷದ ಮೇಲೆ ತೆರೆದು ನೋಡಿದರೆ ಒಳಗೆ ನೊರೆ ಇಲ್ಲವೇ ಇಲ್ಲ. ಪೌಡರ್ ನಕಲಿಯಲ್ಲ ಎಂದು ಅಲ್ಲೇ ಗೊತ್ತಾಯಿತು. ಕೊನೆಯ ಜಾಲಾಟ ಶುರುವಾದ ಸ್ವಲ್ಪ ಹೊತ್ತಿಗೆ ತೆರೆದರೆ ಬೆಳ್ಳಗೆ ಮೊಣಕೈ ಮುಳುಗುವಷ್ಟು. ರಿನ್ಸ್ ಏಡ್ ತೊಟ್ಟಿಯ ಮುಚ್ಚಳ ತೆಗೆದು ಒಂದು ಹನಿ ಬೆರಳಿಗೆ ಹಾಕಿಕೊಂಡೆ. ರಿನ್ಸ್ ಏಡ್ ನೀರಿನಂತೆ ತೆಳ್ಳಗಿರುತ್ತದೆ. ಇದು ಹಸಿರಾಗಿ, ಗಟ್ಟಿಯಾಗಿ, ನಿಂಬೆಯ ವಾಸನೆ ಹೊಡೆಯುತ್ತಿತ್ತು. ಬೆರಳು ಉಜ್ಜಿದರೆ ನೊರೆ.

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯವರು ಮೆಲ್ಲಗೆ ಹೇಳಿದರು: “ಅಲ್ಲಿ ನಕ್ಷತ್ರದ ಥರ ದೀಪ ಉರೀತಿತ್ತು ಕಣಪ್ಪಾ. ಖಾಲಿಯಾಗಿದೆ ಅಂತ ಅದಕ್ಕೂ ತುಂಬಿಸಿದ್ದೆ.”

“ದೀಪ ಹೇಳಿದ್ದು ಸರಿನೇ ಅಮ್ಮಾ, ಖಾಲಿಯಾಗಿತ್ತು. ಹಾಕಬೇಕಾದ್ದು ಮಾತ್ರ ಬೇರೆ.”

ಆ ಮನೆಯವರನ್ನು ದಾರಿ ತಪ್ಪಿಸಿದ್ದು ಜಾಲಾಡುವ ಪ್ರೋಗ್ರಾಂ. ಬಿಸಿ ಇಲ್ಲದ ಆ ಚಿಕ್ಕ ಪ್ರೋಗ್ರಾಮಿನಲ್ಲಿ ಕೊನೆಯ ಬಿಸಿ ಜಾಲಾಟ ಇರುವುದಿಲ್ಲ, ಆದ್ದರಿಂದ ರಿನ್ಸ್ ಏಡ್ ತೊಟ್ಟಿ ತೆರೆಯುವುದೇ ಇಲ್ಲ. ಅದನ್ನು ಎಷ್ಟು ಸಲ ಓಡಿಸಿದರೂ ನೀರು ತಿಳಿಯಾಗಿಯೇ ಬರುತ್ತದೆ. ಪೂರ್ತಿ ತೊಳೆತ ಹಾಕಿದಾಗ ಮಾತ್ರ ತೊಟ್ಟಿ ಒಂದಷ್ಟು ಮಿಲಿಲೀಟರ್ ಬಿಡುತ್ತದೆ. ಒಂದು ತೊಟ್ಟಿಗೆ ಸಾಮಾನ್ಯವಾಗಿ ನೂರು ಮಿಲಿಲೀಟರಿಗೂ ಮೇಲೆ ಹಿಡಿಯುತ್ತದೆ, ಬೀಳುವುದು ಒಂದು ಸಲಕ್ಕೆ ಕೆಲವೇ ಮಿಲಿಲೀಟರ್. ಹಾಗೇ ಬಿಟ್ಟಿದ್ದರೆ ತಿಂಗಳಾದರೂ ದಿನಾ ನೊರೆ ಬರುತ್ತಿತ್ತು.

ತೆಗೆಯುವ ಕೆಲಸ ಹೀಗೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರ್ ಸಿರಿಂಜಿಗೆ, ಸೂಜಿ ಇಲ್ಲದೆ, ಒಂದು ತೆಳು ಪ್ಲಾಸ್ಟಿಕ್ ನಳಿಕೆ ಸಿಕ್ಕಿಸಿ. ಬಾಗಿಲನ್ನು ಪೂರ್ತಿ ಇಳಿಸಿ ತೊಟ್ಟಿಯ ಬಾಯಿಯಿಂದ ಬಂದಷ್ಟೂ ಎಳೆದು ಹೊರಗೆ ಚೆಲ್ಲಿ. ಮೂಲೆಯಲ್ಲಿ ಹತ್ತು ಮಿಲಿಲೀಟರಿನಷ್ಟು ಉಳಿದೇ ಉಳಿಯುತ್ತದೆ, ಅದಕ್ಕಾಗಿ ಒದ್ದಾಡಬೇಡಿ. ಉಗುರು ಬೆಚ್ಚನೆಯ ನೀರು ತುಂಬಿಸಿ, ಮುಚ್ಚಳ ಹಾಕಿ, ಬಾಗಿಲನ್ನು ನಾಲ್ಕು ಸಲ ಎತ್ತಿ ಇಳಿಸಿ, ಮತ್ತೆ ಎಳೆಯಿರಿ. ತೊಟ್ಟಿ 120 ಮಿಲಿಲೀಟರಿನದು ಎಂದಿಟ್ಟುಕೊಳ್ಳಿ. ಉಳಿದ ಹತ್ತು ಮಿಲಿಲೀಟರಿಗೆ ನೀರು ತುಂಬಿದಾಗ ಜೆಲ್ಲಿನ ಗಾಢತೆ ಹನ್ನೆರಡನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಮ್ಮೆ ಮಾಡಿದರೆ 144ರಲ್ಲಿ ಒಂದು. ಮೂರನೇ ಸಲಕ್ಕೆ 1,700ರಲ್ಲಿ ಒಂದಕ್ಕಿಂತ ಕಡಿಮೆ. ಅಷ್ಟು ಸಾಕು. ಬಾಯಿಯ ಸುತ್ತ ಚೆಲ್ಲಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಅದೇ ಮುಂದಿನ ತೊಳೆತದ ನೊರೆ.

ಕೊನೆಗೆ ತೊಟ್ಟಿಯಲ್ಲಿ ಬರೀ ನೀರು ತುಂಬಿಸಿ, ರಿನ್ಸ್ ಏಡ್ ಪ್ರಮಾಣವನ್ನು ಅತಿ ಹೆಚ್ಚಿಗೆ ತಿರುಗಿಸಿ, ಪಾತ್ರೆ ಇಲ್ಲದೆ ಒಂದು ಪೂರ್ತಿ ಚಿಕ್ಕ ತೊಳೆತ ಓಡಿಸಿದೆವು. ಜಾಲಾಡುವ ಪ್ರೋಗ್ರಾಂ ಅಲ್ಲ, ಪೂರ್ತಿ ತೊಳೆತ. ತೊಟ್ಟಿಯ ಒಳಗಿನ ಕವಾಟ ಮತ್ತು ದಾರಿಯಲ್ಲಿ ಅಂಟಿದ ಜೆಲ್ ಹೊರಬರುವುದು ಆಗಲೇ. ಕೊನೆಯ ಜಾಲಾಟದ ನೀರನ್ನು ಬಾಟಲಿಯಲ್ಲಿ ಕುಲುಕಿದರೆ ಗುಳ್ಳೆ ಕ್ಷಣದಲ್ಲಿ ಒಡೆಯಿತು. ಆಮೇಲೆ ನಿಜವಾದ ರಿನ್ಸ್ ಏಡ್ ಹಾಕಿ, ಪ್ರಮಾಣವನ್ನು ಮೊದಲಿನ ಅಂಕಿಗೆ ತಂದೆವು. ಪ್ರಮಾಣ ಹೆಚ್ಚಾಗಿಯೇ ಉಳಿದರೆ ರಿನ್ಸ್ ಏಡ್ ಕೂಡ ಸಣ್ಣಗೆ ನೊರೆ ಕಟ್ಟುತ್ತದೆ, ಗಾಜಿನ ಮೇಲೆ ನೀಲಿ ಗೆರೆ ಮೂಡಿಸುತ್ತದೆ.

ಯಂತ್ರದ ತಳದಲ್ಲಿ ಸಾಲ್ಟ್ ಹಾಕುವ ಇನ್ನೊಂದು ದೊಡ್ಡ ಮುಚ್ಚಳ ಇರುತ್ತದೆ. ಅಲ್ಲಿಗೆ ಜೆಲ್ಲೋ ಪೌಡರೋ ಬಿದ್ದರೆ ಮಾತ್ರ ಯಂತ್ರವನ್ನು ಓಡಿಸಲೇಬೇಡಿ. ನೀರು ಮೆದುಗೊಳಿಸುವ ರಾಳದ ಕಾಳುಗಳು ಅದರಿಂದ ಹಾಳಾಗುತ್ತವೆ, ಆ ಭಾಗ ಬದಲಿಸುವುದು ದುಬಾರಿ. ಓಡಿಸುವ ಮುಂಚೆ ಸರ್ವಿಸಿನವರಿಗೆ ತಿಳಿಸಿದರೆ ಉಳಿಸುವ ಸಾಧ್ಯತೆ ಇರುತ್ತದೆ.

ನೊರೆ ಹೋಯಿತು, ಯಂತ್ರ ಮಾತ್ರ ಶುರುವಾಗುತ್ತಿಲ್ಲ

ಹಿಂದೆ ಹೇಳಿದ ಅಡಿಯ ತಟ್ಟೆಗೆ ಈಗ ಬರೋಣ. ಅನೇಕ ಯಂತ್ರಗಳಲ್ಲಿ ಆ ತಟ್ಟೆಯೊಳಗೆ ಥರ್ಮೋಕೋಲಿನ ತೇಲುಬುರುಡೆ ಮತ್ತು ಒಂದು ಸ್ವಿಚ್ ಇರುತ್ತದೆ. ಎಲ್ಲೋ ಸೋರಿ ತಟ್ಟೆಗೆ ನೀರು ಬಂದರೆ ಬುರುಡೆ ಮೇಲೇರಿ ಸ್ವಿಚ್ ಒತ್ತುತ್ತದೆ. ಯಂತ್ರ ಒಳಬರುವ ನೀರನ್ನು ಕತ್ತರಿಸಿ, ಡ್ರೈನ್ ಪಂಪನ್ನು ಬಿಡದೆ ಓಡಿಸುತ್ತದೆ. ಬಾಷ್, ಸೀಮೆನ್ಸ್ ಯಂತ್ರಗಳಲ್ಲಿ ಇದಕ್ಕೆ E15 ಎಂದು ತೋರುತ್ತದೆ, ಬೇರೆಯವರದು ಬೇರೆ ಸಂಕೇತ. ನೊರೆ ಬಾಗಿಲಿನ ಅಂಚಿನಿಂದ ಇಳಿದು ತಟ್ಟೆಯಲ್ಲಿ ನೀರಾದಾಗಲೂ ಆಗುವುದು ಇದೇ. ಯಂತ್ರ ಸೋರುತ್ತಿಲ್ಲ, ಸೋರುತ್ತಿದೆ ಎಂದುಕೊಂಡಿದೆ ಅಷ್ಟೇ. ಹಾಗಿದ್ದರೂ ತಟ್ಟೆ ಒಣಗುವವರೆಗೆ ಅದು ನಿಮ್ಮ ಮಾತು ಕೇಳುವುದಿಲ್ಲ, ರೀಸೆಟ್ ಎಷ್ಟೇ ಒತ್ತಿದರೂ ಪ್ರಯೋಜನವಿಲ್ಲ.

ಮೊದಲು ನಲ್ಲಿ ತಿರುಗಿಸಿ ನೀರು ನಿಲ್ಲಿಸಿ, ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಬರಬೇಕು, ಏಕೆಂದರೆ ಮುಂದಿನ ಕೆಲಸ ತಂತಿಗಳ ಪಕ್ಕದಲ್ಲಿ. ಮುಂಭಾಗದ ಕೆಳಗಿನ ಪಟ್ಟಿಯ ಸ್ಕ್ರೂ ಬಿಚ್ಚಿ ತೆಗೆದರೆ ತಟ್ಟೆಯ ಮುಂದಿನ ಅಂಚು ಕಾಣುತ್ತದೆ. ಹಳೆ ಬನಿಯನ್ ಬಟ್ಟೆ ತೂರಿಸಿ ಹೀರಿಸಿ ತೆಗೆಯಿರಿ. ಉಳಿದ ತೇವಕ್ಕೆ ಒಂದು ದಿನ ಹಾಗೇ ಬಿಡಿ, ಟೇಬಲ್ ಫ್ಯಾನ್ ಹಾಕಿದರೆ ಬೇಗ. ಯಂತ್ರವನ್ನು ಹಿಂದಕ್ಕೆ ಬಾಗಿಸಿ ನೀರು ಚೆಲ್ಲುವ ಉಪಾಯವನ್ನು ಕೆಲವರು ಹೇಳುತ್ತಾರೆ. ಬಿಡಿಯಾಗಿ ನಿಂತ ಯಂತ್ರ, ಹಿಡಿಯಲು ಇಬ್ಬರು ಗಟ್ಟಿ ಆಳು ಇದ್ದರೆ ಆದೀತು. ಗ್ರಾನೈಟ್ ಕಲ್ಲಿನ ಕೆಳಗೆ ಕೂರಿಸಿದ್ದಕ್ಕೆ ಅದು ಆಗದ ಮಾತು. ಹಿಂದಿನ ಪೈಪು ಮಡಿಚಿಕೊಂಡು ಹೊಸ ಸೋರಿಕೆ ಶುರುವಾಗುತ್ತದೆ.

ತಟ್ಟೆ ಒಣಗಿ ಯಂತ್ರ ಓಡಿದ ಮೇಲೆ ಒಂದೆರಡು ತೊಳೆತ ಕಣ್ಣಿಟ್ಟು ನೋಡಿ. ಮತ್ತೆ ಅದೇ ಸಂಕೇತ ಬಂದರೆ ತಟ್ಟೆಯಲ್ಲಿ ಸೇರಿದ ನೀರನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ಜಾರಿ ನೊರೆ ಬಂದರೆ ಒಳಗೆ ಇನ್ನೂ ಜೆಲ್ ಇದೆ, ಬಾಟಲಿ ಪರೀಕ್ಷೆಯಿಂದ ಮತ್ತೆ ಶುರು ಮಾಡಿ. ಬರೀ ನೀರಾಗಿದ್ದರೆ, ಅಥವಾ ಅಡುಗೆಯ ಸಣ್ಣ ಚೂರುಗಳಿದ್ದರೆ, ಜೆಲ್‌ಗೂ ಅದಕ್ಕೂ ಸಂಬಂಧವಿಲ್ಲ. ಅದು ಬಾಗಿಲಿನ ಗ್ಯಾಸ್ಕೆಟ್ಟೋ, ಪಂಪಿನ ಸೀಲೋ, ಪೈಪಿನ ಕ್ಲಿಪ್ಪೋ ಇರಬೇಕು. ಆಗ ಪ್ಲಗ್ ಕಿತ್ತು, ಸರ್ವಿಸಿನವರು ಬರುವ ತನಕ ಯಂತ್ರವನ್ನು ಹಾಗೇ ಬಿಡಿ. ಬಂದವರಿಗೆ ಮೊದಲು ನೊರೆ ಬಂದಿದ್ದ ವಿಷಯವನ್ನೂ, ತಟ್ಟೆಯಲ್ಲಿ ಸಿಕ್ಕಿದ್ದು ಬರೀ ನೀರು ಎಂಬುದನ್ನೂ ಹೇಳಿದರೆ ಅವರು ನೇರವಾಗಿ ಸೋರುವ ಜಾಗ ಹುಡುಕುತ್ತಾರೆ.